ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುವುದೇಕೆ?

ಸೊಪ್ಪು ತೊಳೆಯೋಣವೆಂದು ಅಡುಗೆಮನೆಯ ತಣ್ಣೀರಿನ ನಲ್ಲಿ ತಿರುಗಿಸುತ್ತೀರಿ. ಮೊದಲು ತಣ್ಣಗೆ ಬಂದ ನೀರು ಅರ್ಧ ನಿಮಿಷದಲ್ಲಿ ಬೆಚ್ಚಗಾಗಿ, ಆಮೇಲೆ ಕೈ ಹಿಂದೆಗೆಯುವಷ್ಟು ಬಿಸಿಯಾಗುತ್ತದೆ. ಸಂಜೆ ಸ್ನಾನಕ್ಕೆ ನಿಂತರೆ ಸೋಲಾರ್ ನೀರು ಮಾತ್ರ ಉಗುರುಬೆಚ್ಚಗೆ. ಬಿಸಿಲೇರುವ ಮೊದಲೇ ಅರ್ಧ ಟ್ಯಾಂಕು ಎಲ್ಲೋ ಖಾಲಿಯಾಗಿರುತ್ತದೆ. ಇಂಥ ಮನೆಗಳಲ್ಲಿ ಮೊದಲು ಬೈಗುಳ ಬೀಳುವುದು ಸೋಲಾರ್‌ಗೆ, ಆಮೇಲೆ ಅಡುಗೆಮನೆಯ ನಲ್ಲಿಗೆ. ಬಹಳ ಸಲ ಎರಡರದ್ದೂ ತಪ್ಪಿರುವುದಿಲ್ಲ. ಬೇರೆ ಯಾವುದೋ ಕೋಣೆಯಲ್ಲಿ, ಒಂದು ಹನಿಯನ್ನೂ ಹೊರಗೆ ಚೆಲ್ಲದ ಮಿಕ್ಸರ್ ಒಂದು ಒಳಗೊಳಗೇ ಎರಡು ಲೈನುಗಳನ್ನು ಕೂಡಿಸಿಬಿಟ್ಟಿರುತ್ತದೆ.

ಆ ತೀರ್ಮಾನಕ್ಕೆ ಬರುವ ಮುನ್ನ ಬಿಸಿಲನ್ನು ಲೆಕ್ಕದಿಂದ ತೆಗೆದುಹಾಕಬೇಕು. ಬೇಸಿಗೆಯ ಮಧ್ಯಾಹ್ನ ತಾರಸಿಯ ಮೇಲೆ ಹಾಯುವ ಪೈಪಿನಲ್ಲಿ ನಿಂತ ನೀರು ಕಾದೇ ಕಾಯುತ್ತದೆ. ಆದರೆ ಅದು ನಲ್ಲಿ ತೆರೆದ ಕೂಡಲೇ ಬಿಸಿಯಾಗಿ ಬಂದು, ಹರಿಯುತ್ತಾ ತಣ್ಣಗಾಗುತ್ತದೆ. ಮಿಕ್ಸರ್‌ನಿಂದ ನುಗ್ಗುವ ನೀರಿನ ರೀತಿ ಇದಕ್ಕೆ ತಿರುಗಾಮುರುಗಾ: ಮೊದಲು ತಣ್ಣಗೆ, ಹರಿಯುತ್ತಾ ಬಿಸಿ. ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ನೋಡಿದರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ.

ಇದು ಹೇಗಾಗುತ್ತದೆ ಎಂಬುದಕ್ಕೆ ತಾರಸಿಯಿಂದಲೇ ಶುರುಮಾಡಬೇಕು. ಓವರ್‌ಹೆಡ್ ಟ್ಯಾಂಕಿನಿಂದ ಒಂದು ಪೈಪು ನೇರವಾಗಿ ತಣ್ಣೀರಿನ ಲೈನಾಗಿ ಕೆಳಗಿಳಿಯುತ್ತದೆ. ಇನ್ನೊಂದು ಸೋಲಾರ್ ಅಥವಾ ಗೀಸರ್‌ನ ಒಳಹೊಕ್ಕು, ಅಲ್ಲಿಂದ ಬಿಸಿನೀರಿನ ಲೈನಾಗಿ ಇಳಿಯುತ್ತದೆ. ಮೂಲ ಟ್ಯಾಂಕು ಒಂದೇ ಆದ್ದರಿಂದ ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಎರಡೂ ಲೈನುಗಳ ಒತ್ತಡ ಸಮ. ಮಧ್ಯೆ ಎಲ್ಲೋ ದಾರಿ ತೆರೆದಿದ್ದರೂ ನೀರು ಅತ್ತಿತ್ತ ಹೋಗುವುದಿಲ್ಲ. ಕೆಳಮಹಡಿಯಲ್ಲಿ ಯಾರಾದರೂ ತಣ್ಣೀರಿನ ನಲ್ಲಿ ತೆರೆದರು ಅನ್ನಿ. ಹರಿಯುವ ನೀರು ಪೈಪಿನ ಗೋಡೆಗೆ, ಬೆಂಡುಗಳಿಗೆ ಉಜ್ಜಿಕೊಂಡು ಬರುವುದರಿಂದ ಆ ಲೈನಿನ ಒತ್ತಡ ಕುಸಿಯುತ್ತದೆ. ಯಾರೂ ಬಳಸದೆ ನಿಂತಿರುವ ಬಿಸಿನೀರಿನ ಲೈನಿನಲ್ಲಿ ಒತ್ತಡ ಹಾಗೇ ಉಳಿದಿರುತ್ತದೆ. ಆಗ ಮಿಕ್ಸರ್‌ನ ಒಳದಾರಿಯಿಂದ ಬಿಸಿನೀರು ತಣ್ಣೀರಿನ ಪೈಪಿಗೆ ದಾಟುತ್ತದೆ. ನಲ್ಲಿ ಮುಚ್ಚಿದಿರೋ, ದಾಟುವುದು ನಿಂತುಹೋಯಿತು. ಪ್ಲಂಬರ್ ಬಂದು ಸುಮ್ಮನೆ ಮಿಕ್ಸರ್ ದಿಟ್ಟಿಸಿದರೆ ಏನೂ ಕಾಣದಿರುವುದು ಇದೇ ಕಾರಣಕ್ಕೆ.

ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದ ಮನೆಗಳಲ್ಲಿ ಹರಿವು ಉಲ್ಟಾ. ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗಿ ಸೋಲಾರ್ ಟ್ಯಾಂಕಿಗೆ ಹಿಂದಿನಿಂದ ಏರುತ್ತದೆ. ತಾರಸಿಯ ಮೇಲೆ ಸೋಲಾರ್‌ನ ಗಾಳಿಕೊಳವೆಯಿಂದ ನೀರು ಸುರಿಯುತ್ತಿದ್ದರೆ ಮಿಕ್ಸರ್‌ನ ಮೇಲೂ ಒಂದು ಕಣ್ಣಿಡಿ.

ಎಲ್ಲಕ್ಕಿಂತ ಸಾಮಾನ್ಯವಾದ ಕಾರಣಕ್ಕೆ ರಿಪೇರಿಯೇ ಬೇಡ. ಹಲವು ಬಾತ್‌ರೂಮುಗಳಲ್ಲಿ ಹೆಲ್ತ್ ಫಾಸೆಟ್ಟನ್ನೋ ಹ್ಯಾಂಡ್ ಶವರನ್ನೋ ಮಿಕ್ಸರ್‌ಗೇ ಜೋಡಿಸಿರುತ್ತಾರೆ. ಬಳಸಿದವರು ಕೈಯಲ್ಲಿನ ಗುಂಡಿ ಬಿಟ್ಟು ನೀರು ನಿಂತಿತೆಂದು ಹೊರಟುಬಿಡುತ್ತಾರೆ, ಮಿಕ್ಸರ್‌ನ ಎರಡೂ ತಿರುಪುಗಳು ತೆರೆದೇ ಇರುತ್ತವೆ. ಹೊರಬಾಗಿಲು ಮುಚ್ಚಿ ಒಳಬಾಗಿಲೆರಡನ್ನೂ ತೆರೆದಿಟ್ಟ ಹಾಗೆ. ಹೊಸ ಮಿಕ್ಸರ್ ಕೂಡ ಆಗ ಎರಡು ಲೈನುಗಳನ್ನು ಕೂಡಿಸುತ್ತದೆ. ಆದ್ದರಿಂದ ಮನೆಯ ಎಲ್ಲ ಮಿಕ್ಸರ್‌ಗಳನ್ನೂ ಪೂರ್ತಿ ಮುಚ್ಚಿ ಒಂದು ದಿನ ನೋಡಿ. ತೊಂದರೆ ನಿಂತರೆ ಹೆಲ್ತ್ ಫಾಸೆಟ್ಟನ್ನು ಬೇರೆ ಆಂಗಲ್ ಕಾಕ್‌ನಿಂದ ಬರೀ ತಣ್ಣೀರಿಗೆ ಕೊಡಿಸಿದರೆ ಸಾಕು.

ನಿಲ್ಲದಿದ್ದರೆ ಒಂದು ಪರೀಕ್ಷೆ ಇದೆ. ಮೈಸೂರಿನ ಎರಡು ಅಂತಸ್ತಿನ ಮನೆಯೊಂದರಲ್ಲಿ ಅಡುಗೆಮನೆಯ ನಲ್ಲಿಯನ್ನು ಬದಲಿಸಿಯೂ ಬಿಸಿನೀರು ನಿಂತಿರಲಿಲ್ಲ. ವಯಸ್ಸಾದ ಪ್ಲಂಬರ್ ಒಬ್ಬರು ಬಂದು ನೇರವಾಗಿ ತಾರಸಿಗೆ ಹೋಗಿ, ಸೋಲಾರ್‌ನಿಂದ ಇಳಿಯುವ ಬಿಸಿನೀರಿನ ಗೇಟ್ ವಾಲ್ವ್ ಮುಚ್ಚಿದರು. ಕೆಳಗೆ ಬಂದು ವಾಶ್‌ಬೇಸಿನ್ನಿನ ಬಿಸಿನೀರಿನ ನಲ್ಲಿಯೊಂದನ್ನು ಮಾತ್ರ ತೆರೆದರು. ಪೈಪಿನಲ್ಲಿ ಉಳಿದ ನೀರು ಸ್ವಲ್ಪ ಹೊತ್ತು ಬಂದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ತಣ್ಣಗಿನ ನೀರು ಸಣ್ಣ ಧಾರೆಯಾಗಿ ಬರುತ್ತಲೇ ಇತ್ತು. ಮುಚ್ಚಿದ ಲೈನಿಗೆ ನೀರು ಬರುತ್ತಿದೆಯೆಂದರೆ ಅದು ತಣ್ಣೀರಿನ ಲೈನಿನಿಂದಲೇ ದಾಟಿ ಬರಬೇಕು, ಬೇರೆ ದಾರಿಯಿಲ್ಲ.

ಧಾರೆಯನ್ನು ಹಾಗೇ ಬಿಟ್ಟು ಸಿಂಕಿನ ಮಿಕ್ಸರ್‌ಗೆ ಕೆಳಗಿನಿಂದ ನೀರು ಕೊಡುವ ಎರಡೂ ಆಂಗಲ್ ಕಾಕ್ ಮುಚ್ಚಿದರು. ಧಾರೆ ಇಳಿಯಲಿಲ್ಲ. ಕೆಳಗಿನ ಬಾತ್‌ರೂಮಿನಲ್ಲಿ ಮಿಕ್ಸರೇ ಇರಲಿಲ್ಲ. ಉಳಿದದ್ದು ಮೇಲ್ಮಹಡಿಯಲ್ಲಿ ಗೋಡೆಯೊಳಗೆ ಕೂರಿಸಿದ ಒಂಟಿ ಹಿಡಿಯ ಡೈವರ್ಟರ್. ಅದಕ್ಕೆ ಪ್ರತ್ಯೇಕ ವಾಲ್ವ್ ಇರಲಿಲ್ಲ, ಆದರೆ ಹಿಡಿಗೆ ಕಿವಿ ಹಚ್ಚಿದರೆ ಒಳಗೆ ಸಣ್ಣಗೆ ಸುಯ್ ಎನ್ನುವ ಸದ್ದು. "ಅಮ್ಮಾ, ಸೋಲಾರ್‌ದು ಏನೂ ತಪ್ಪಿಲ್ಲ. ಇದು ಒಳಗೇ ದಾರಿ ಬಿಟ್ಕೊಂಡಿದೆ" ಎಂದರು.

ಟ್ಯಾಂಕಿನ ತಣ್ಣೀರಿನ ವಾಲ್ವನ್ನೂ ಮುಚ್ಚಿ, ಹಿಡಿಯ ಮೇಲಿನ ಕೆಂಪು-ನೀಲಿ ಬಿಲ್ಲೆ ಎಬ್ಬಿಸಿ, ಒಳಗಿನ ಪುಟ್ಟ ಸ್ಕ್ರೂ ಸಡಿಲಿಸಿದರು. ಹಿಡಿ, ಮುಚ್ಚಳ, ನಟ್ಟು ಒಂದೊಂದಾಗಿ ಬಂದ ಮೇಲೆ ಕಾರ್ಟ್ರಿಡ್ಜ್ ಕೈಗೆ ಬಂತು. ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದರ ಮೇಲೊಂದು ಜಾರುವ ಎರಡು ಸೆರಾಮಿಕ್ ಬಿಲ್ಲೆಗಳು. ತಳದಲ್ಲಿ ಬಿಸಿಗೆ, ತಣ್ಣೀರಿಗೆ, ಹೊರಹೋಗುವ ನೀರಿಗೆ ಮೂರು ತೂತು. ಅವನ್ನು ಸುತ್ತುವರಿದ ರಬ್ಬರು. ಬಿಸಿ ಮತ್ತು ತಣ್ಣೀರಿನ ತೂತುಗಳ ನಡುವಿನ ರಬ್ಬರ್ ಏಣು ಹರಿದುಹೋಗಿತ್ತು, ಆ ಜಾಗದಲ್ಲಿ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಕಟ್ಟಿತ್ತು. ಹೊರದಾರಿಯ ರಬ್ಬರು ಮಾತ್ರ ಗಟ್ಟಿಯಾಗೇ ಇತ್ತು. ಶವರ್ ಒಂದು ದಿನವೂ ತೊಟ್ಟಿಕ್ಕದೆ ಇದ್ದದ್ದು ಅದಕ್ಕೇ.

ಕಾರ್ಟ್ರಿಡ್ಜ್‌ಗಳ ಅಳತೆ ಬೇರೆ ಬೇರೆ, 35 ಮಿಲಿಮೀಟರಿನದೂ 40ರದೂ ಬಳಕೆಯಲ್ಲಿವೆ. ಹಳೆಯದನ್ನು ಅಂಗಡಿಗೆ ಒಯ್ದು ತೂತುಗಳ ಜಾಗವನ್ನೂ ತಾಳೆ ನೋಡಿ ತರಬೇಕು. ಕೂರಿಸುವ ಮುನ್ನ ಒಳಗಿನ ಪೀಠದ ಸುಣ್ಣ ಒರೆಸಿ, ಎರಡೂ ಲೈನುಗಳನ್ನು ಕ್ಷಣಕಾಲ ಬಿಟ್ಟು ಮರಳು ಹೊರಹಾಕದಿದ್ದರೆ ಹೊಸ ರಬ್ಬರೂ ಅದೇ ಜಾಗದಲ್ಲಿ ಹರಿಯುತ್ತದೆ. ಎರಡೂ ಲೈನುಗಳಲ್ಲಿ ಮಿಕ್ಸರ್‌ಗೆ ಮೊದಲು ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಇಂಥ ದಾರಿ ಬಿಟ್ಟರೂ ನೀರು ದಾಟದು. ಗೋಡೆಗೆ ಟೈಲ್ಸ್ ಕೂರಿಸುವ ಮೊದಲೇ ಇದನ್ನು ಕೇಳಿ ಹಾಕಿಸಿಕೊಳ್ಳುವುದು ಸುಲಭ.

ಗೀಸರ್ ಇರುವ ಮನೆಯಲ್ಲಿ ಇದೇ ಪರೀಕ್ಷೆಗೆ ಮೊದಲು ಕರೆಂಟ್ ಆಫ್ ಮಾಡಿ, ಆಮೇಲೆ ಗೀಸರ್‌ಗೆ ನೀರು ಹೋಗುವ ವಾಲ್ವ್ ಮುಚ್ಚಬೇಕು. ಗೀಸರ್ ಕಾಯುವಾಗ ನೀರು ಹಿಗ್ಗುತ್ತದೆ. 20 ಡಿಗ್ರಿಯಿಂದ 60ಕ್ಕೆ ಏರಿದರೆ ಹೆಚ್ಚುವುದು ಶೇಕಡಾ ಒಂದೂವರೆಯಷ್ಟು. ಒಳದಾರಿಯ ನಾನ್ ರಿಟರ್ನ್ ವಾಲ್ವ್ ಕೆಟ್ಟಿದ್ದರೆ ಅಷ್ಟು ನೀರು ತಣ್ಣೀರಿನ ಪೈಪಿಗೆ ಹಿಂದೆ ಸರಿಯುತ್ತದೆ. 25 ಲೀಟರಿನ ಗೀಸರ್‌ಗೆ ಅದು ಒಂದೆರಡು ಲೋಟ ಅಷ್ಟೆ. ಒಮ್ಮೆ ಬೆಚ್ಚಗೆ ಬಂದು ನಿಂತರೆ ಆ ವಾಲ್ವ್ ನೋಡಿಸಿ. ಬರುತ್ತಲೇ ಇದ್ದರೆ ಮಿಕ್ಸರ್.

ಇದನ್ನು ಮುಂದೂಡಬಾರದು ಎನ್ನಲು ಬಲವಾದ ಕಾರಣವಿದೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡಬಲ್ಲದು, ಮಕ್ಕಳ ಚರ್ಮವನ್ನು ಇನ್ನೂ ಬೇಗ. ತಣ್ಣೀರಿನ ನಲ್ಲಿಗೆ ಕೈಯೊಡ್ಡುವ ಮಗು ಜಾಗ್ರತೆಯಾಗಿರುವುದಿಲ್ಲ. ತಣ್ಣೀರಿಗೆಂದು ಹಾಕಿದ ಯುಪಿವಿಸಿ ಪೈಪು ಅಂಥ ಬಿಸಿಗೆ ಮೆತ್ತಗಾಗುತ್ತದೆ. ಆರ್‌ಒ ಫಿಲ್ಟರಿನ ಪೊರೆಗೆ ಸಾಮಾನ್ಯವಾಗಿ 45 ಡಿಗ್ರಿಯೇ ಮಿತಿ.

ರಿಪೇರಿಯಾದ ಮೇಲೆ ಪ್ಲಂಬರ್‌ನನ್ನು ಕಳಿಸುವ ಮುನ್ನ ತಾರಸಿಯ ವಾಲ್ವ್ ಮುಚ್ಚಿಸಿ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಒಂದೇ ನೀರು ಕುಡಿದು ಒಂದೇ ವರ್ಷ ಕೂರಿಸಿದ ಎರಡನೇ ಡೈವರ್ಟರ್ ಮನೆಯಲ್ಲಿದ್ದರೆ ಅದರ ರಬ್ಬರೂ ಅಷ್ಟೇ ಹಳೆಯದು. ಬಿಸಿನೀರಿನ ನಲ್ಲಿ ಪೂರ್ತಿ ಒಣಗಿದರೆ ಮಾತ್ರ ಕೆಲಸ ಮುಗಿಯಿತು.