ಮಾವನ ಮಗಳ ಹಲ್ಲು ಬಿಳಿ, ಇವಳದ್ದೇಕೆ ಕಂದು?

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಆಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳು ಹಂಚಿಹೋದವು. ಅಣ್ಣ ರಾಬರ್ಟ್‌ಸನ್‌ಪೇಟೆಯಲ್ಲೇ ಉಳಿದ, ತಮ್ಮ ಕೆಲಸ ಹುಡುಕಿಕೊಂಡು ಬೆಂಗಳೂರು ಸೇರಿದ, ತಂಗಿಯನ್ನು ಬಂಗಾರಪೇಟೆ ಪಕ್ಕದ ಹಳ್ಳಿಗೆ ಕೊಟ್ಟರು. ಒಂದೇ ಅಜ್ಜಿಯ ಮೊಮ್ಮಕ್ಕಳು ಮೂರು ಊರಿನ ನೀರು ಕುಡಿದು ಬೆಳೆದರು. ಹಬ್ಬಕ್ಕೋ ಮದುವೆಗೋ ಎಲ್ಲರೂ ಸೇರಿದ ದಿನ ಹೋಲಿಕೆ ಶುರು: ಯಾರು ಎತ್ತರ, ಯಾರು ದಪ್ಪ, ಯಾರ ಹಲ್ಲು ಚೆನ್ನಾಗಿದೆ. ಈ ಮಾತುಗಳ ಅಡಿಯಲ್ಲಿರುವ ಮೂರು ನಂಬಿಕೆಗಳನ್ನು ಇಲ್ಲಿ ಬಿಡಿಸಿ ನೋಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದು ಈ ಸೀಮೆಯದೇ ಸಂಕಟ.

ನಂಬಿಕೆ: ಸರಿಯಾಗಿ ಹಲ್ಲುಜ್ಜದ ಮಕ್ಕಳಿಗೆ ಕಂದು ಕಲೆ ಬರುತ್ತದೆ

ಕೋಲಾರ ಜಿಲ್ಲೆಯ ಅನೇಕ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಬಂಗಾರಪೇಟೆಯ ಸುತ್ತಮುತ್ತಲೂ ಇದೆ. ಮಳೆ ಕಡಿಮೆ. ಕೊಳವೆ ಆಳಕ್ಕೆ ಇಳಿದಷ್ಟೂ ನೀರು ಬಂಡೆಯೊಳಗೆ ಬಹುಕಾಲ ನಿಂತದ್ದಾಗಿರುತ್ತದೆ, ಆ ಬಂಡೆಯ ಫ್ಲೋರೈಡ್ ಅದರಲ್ಲಿ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಅದಕ್ಕೂ ಮೀರಿದ ನೀರನ್ನು ಮಗು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಹೊರಕವಚ, ಅಂದರೆ ಎನಾಮಲ್, ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹುಟ್ಟುವಾಗಲೇ ಸುಣ್ಣದಂಥ ಬಿಳಿ ಗೆರೆಗಳು ಕಾಣುತ್ತವೆ. ಸೂಕ್ಷ್ಮ ರಂಧ್ರಗಳಿರುವ ಆ ಜಾಗ ಮುಂದೆ ಬಣ್ಣ ಹೀರಿ ಕಂದಾಗುತ್ತದೆ.

ಇಲ್ಲಿ ವಯಸ್ಸಿನ ಲೆಕ್ಕ ಬಹಳ ಮುಖ್ಯ. ನಕ್ಕಾಗ ಕಾಣುವ ಮೇಲಿನ ಮುಂದಿನ ಎರಡು ಶಾಶ್ವತ ಹಲ್ಲುಗಳು ವಸಡಿನಿಂದ ಹೊರಬರುವುದು ಏಳನೇ ವರ್ಷದ ಆಸುಪಾಸಿನಲ್ಲಿ. ಆದರೆ ಅವುಗಳ ಎನಾಮಲ್ಲಿಗೆ ಹೆಚ್ಚು ಅಪಾಯವಿರುವ ಕಾಲ ಒಂದರಿಂದ ಮೂರು ವರ್ಷದ ನಡುವೆ. ಎಂಟು ವರ್ಷ ದಾಟುವ ಹೊತ್ತಿಗೆ, ಬುದ್ಧಿಹಲ್ಲು ಬಿಟ್ಟರೆ, ಉಳಿದ ಹಲ್ಲುಗಳ ಎನಾಮಲ್ ಬಹುತೇಕ ಸಿದ್ಧವಾಗಿರುತ್ತದೆ.

ಮೂವರು ಮಕ್ಕಳನ್ನು ಊಹಿಸಿಕೊಳ್ಳಿ. ಮೊದಲನೆಯವಳು ಬಂಗಾರಪೇಟೆ ಬಳಿಯ ಹಳ್ಳಿಯಲ್ಲಿ ಹುಟ್ಟಿ, ನಾಲ್ಕು ವರ್ಷ ಬೋರ್‌ವೆಲ್ ನೀರು ಕುಡಿದು, ಆಮೇಲೆ ಬೆಂಗಳೂರಿಗೆ ಹೋದಳು. ಎರಡನೆಯವಳು, ಸೋದರಮಾವನ ಮಗಳು, ಬೆಂಗಳೂರಿನಲ್ಲೇ ಹುಟ್ಟಿ ಕಾವೇರಿ ನೀರು ಕುಡಿದಳು. ಮೂರನೆಯವನು ಒಂಬತ್ತನೇ ವಯಸ್ಸಿನಲ್ಲಿ ಬೆಂಗಳೂರಿನಿಂದ ಅದೇ ಹಳ್ಳಿಗೆ ಬಂದ. ಹದಿನೈದನೇ ವಯಸ್ಸಿನಲ್ಲಿ ಮೂವರನ್ನೂ ಸಾಲಾಗಿ ನಿಲ್ಲಿಸಿದರೆ ಕಲೆ ಇರುವುದು ಮೊದಲನೆಯವಳಿಗೆ ಮಾತ್ರ. ಅವಳು ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿದ್ದಾಳೆ, ಬಹುಶಃ ಎಲ್ಲರಿಗಿಂತ ಹೆಚ್ಚು ಹೊತ್ತು ಹಲ್ಲುಜ್ಜುತ್ತಾಳೆ. ಆದರೂ "ಒಂದೇ ಊರಲ್ಲಿ ಇದ್ದೀರಿ, ಅವಳ ಹಲ್ಲು ನೋಡು, ನಿನ್ನದು ನೋಡು" ಎಂಬ ಮಾತು ಅವಳಿಗೇ ಬೀಳುತ್ತದೆ. ಎರಡು ವರ್ಷದ ಮಗುವಾಗಿದ್ದಾಗ ಮನೆಯವರು ಕೊಟ್ಟ ನೀರಿಗೆ ಹುಡುಗಿಯನ್ನು ಹೊಣೆ ಮಾಡುವ ಈ ಮಾತು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಇದು ಫ್ಲೋರೈಡಿನ ಕಲೆ ಎಂದು ಗುರುತಿಸುವುದು ಹೇಗೆ? ಎಡಕ್ಕೂ ಬಲಕ್ಕೂ ಜೋಡಿ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಗೆರೆಗಳು ಅಡ್ಡಡ್ಡ ಓಡುತ್ತವೆ. ಹುಳುಕಾದರೆ ಯಾವುದೋ ಒಂದು ಹಲ್ಲಿನಲ್ಲಿ ಕುಳಿ ಬೀಳುತ್ತದೆ. ಟೀ, ಎಲೆಅಡಿಕೆಯ ಕಲೆ ವಸಡಿನ ಅಂಚಿನಲ್ಲಿ ಕೂರುತ್ತದೆ, ದಂತವೈದ್ಯರು ಕ್ಲೀನಿಂಗ್ ಮಾಡಿದರೆ ಹೋಗುತ್ತದೆ. ಫ್ಲೋರೈಡಿನದು ಕ್ಲೀನಿಂಗಿಗೂ ಹೋಗುವುದಿಲ್ಲ. ಉಪ್ಪು, ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಮೊದಲೇ ದುರ್ಬಲವಾದ ಎನಾಮಲ್ ಸವೆದು ಹಲ್ಲು ಜುಂ ಎನ್ನತೊಡಗುತ್ತದೆ. ತೆಳುವಾದ ಕಲೆಯಾದರೆ ದಂತವೈದ್ಯರು ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯುತ್ತಾರೆ ಅಥವಾ ಬ್ಲೀಚ್ ಮಾಡುತ್ತಾರೆ. ಗಾಢವಾದುದಕ್ಕೆ ಹಲ್ಲಿನ ಬಣ್ಣದ ಲೇಪವೋ ಕವಚವೋ ಬೇಕು, ಅದಕ್ಕೆ ಖರ್ಚು ಹೆಚ್ಚು.

ಮನೆಯಲ್ಲಿ ಈಗ ಪುಟ್ಟ ಮಗುವಿದ್ದರೆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದೇ ಮೊದಲ ಕೆಲಸ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಯಂತ್ರ ಸುಸ್ಥಿತಿಯಲ್ಲಿದ್ದರೆ ಬಹುಪಾಲನ್ನು ತೆಗೆಯುತ್ತದೆ. ಕ್ಯಾನ್ ನೀರನ್ನು ಕುಡಿಯಲು ಇಟ್ಟುಕೊಂಡು ಮುದ್ದೆ, ಸಾರಿಗೆ ಬೋರ್‌ವೆಲ್ ನೀರು ಬಳಸುವ ಮನೆಗಳು ಬಹಳ. ಅಡುಗೆಯ ನೀರೂ ಹೊಟ್ಟೆಗೇ ಹೋಗುತ್ತದೆ.

ನಂಬಿಕೆ: ಒಂದೇ ರಕ್ತ, ಒಂದೇ ವಯಸ್ಸು, ಎತ್ತರವೂ ಒಂದೇ ಇರಬೇಕು

ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳು ಹಂಚಿಕೊಳ್ಳುವ ವಂಶವಾಹಿ ಸರಾಸರಿ ಎಂಟರಲ್ಲಿ ಒಂದು ಪಾಲು ಮಾತ್ರ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ಮನೆಗಳಲ್ಲಿ ಅದು ತುಸು ಹೆಚ್ಚಬಹುದು. ಉಳಿದದ್ದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ಹುಡುಗಿಯ ಎತ್ತರವನ್ನು ಅಂದಾಜಿಸಲು ಮಕ್ಕಳ ವೈದ್ಯರು ಒಂದು ಸರಳ ಲೆಕ್ಕ ಹಾಕುತ್ತಾರೆ. ತಂದೆಯ ಎತ್ತರದಿಂದ 13 ಸೆಂ.ಮೀ. ಕಳೆದು, ತಾಯಿಯದನ್ನು ಕೂಡಿಸಿ, ಅರ್ಧ ಮಾಡುತ್ತಾರೆ. ತಂದೆ 165, ತಾಯಿ 152 ಆದರೆ ಮಗಳದು 152ರ ಆಸುಪಾಸು. ಅವಳ ಚಿಕ್ಕಪ್ಪ 175, ಚಿಕ್ಕಮ್ಮ 158 ಇದ್ದರೆ ಅವರ ಮಗಳದು 160. ಇಬ್ಬರೂ ಚೆನ್ನಾಗಿ ಉಂಡು ಬೆಳೆದರೂ ಎಂಟು ಸೆಂ.ಮೀ. ವ್ಯತ್ಯಾಸ ಉಳಿಯಬಹುದು. ಹುಡುಗನಾದರೆ 13 ಕಳೆಯುವ ಬದಲು ಕೂಡಿಸಬೇಕು. ಈ ಲೆಕ್ಕ ಎಂಟೊಂಬತ್ತು ಸೆಂ.ಮೀ. ಹಿಂದೆಮುಂದೆ ಆಗುವುದೂ ಸಹಜ.

ಇದರ ಮೇಲೆ ಪ್ರಾಯದ ಗಡಿಯಾರ. ಹುಡುಗಿಯರಲ್ಲಿ ಪ್ರಾಯದ ಲಕ್ಷಣ 8ರಿಂದ 13ರೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಯಾವಾಗ ಶುರುವಾದರೂ ಸರಿಯೇ. ಹುಡುಗಿ ಮೈನೆರೆಯುವ ಮೊದಲೇ ಸರ್ರನೆ ಬೆಳೆದುಬಿಡುತ್ತಾಳೆ, ಆಮೇಲೆ ಸಾಮಾನ್ಯವಾಗಿ ಐದಾರು ಸೆಂ.ಮೀ. ಅಷ್ಟೇ ಬೆಳೆಯುತ್ತಾಳೆ. ಹುಡುಗರ ಜಿಗಿತ ಸುಮಾರು ಎರಡು ವರ್ಷ ತಡ. ಹಾಗಾಗಿ ಹನ್ನೆರಡರ ಹುಡುಗನನ್ನು ಅದೇ ವಯಸ್ಸಿನ ಅತ್ತೆ ಮಗಳ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಅಳೆದರೆ ಅದರಿಂದ ತಿಳಿಯುವುದು ಏನೂ ಇಲ್ಲ. ಮಗುವನ್ನು ಅಳೆಯಬೇಕಾದದ್ದು ಅದರದೇ ಕಳೆದ ವರ್ಷದ ಗುರುತಿಗೆ. ಶಾಲಾ ವಯಸ್ಸಿನಲ್ಲಿ ವರ್ಷಕ್ಕೆ ನಾಲ್ಕು ಸೆಂ.ಮೀ.ಗಿಂತ ಕಡಿಮೆ ಬೆಳೆದರೆ, 13 ತುಂಬಿದ ಹುಡುಗಿಯಲ್ಲಿ ಅಥವಾ 14 ತುಂಬಿದ ಹುಡುಗನಲ್ಲಿ ಪ್ರಾಯದ ಲಕ್ಷಣವೇ ಕಾಣದಿದ್ದರೆ, ವೈದ್ಯರಿಗೆ ತೋರಿಸಿ.

ನಂಬಿಕೆ: ರೇಗಿಸಿದರೆ ತೂಕ ಇಳಿಸುತ್ತಾರೆ

ಮೈನೆರೆಯುವ ಕಾಲದಲ್ಲಿ ಹುಡುಗಿಯ ತೊಡೆ, ಸೊಂಟದಲ್ಲಿ ಕೊಬ್ಬು ಸೇರುವುದು ದೇಹದ ಕ್ರಮ. "ಡುಮ್ಮಿ" ಎಂಬ ಮಾತು ಬೀಳುವುದೂ ಸರಿಯಾಗಿ ಆಗಲೇ. ಅಮೆರಿಕದ ಮಿನ್ನೆಸೋಟದಲ್ಲಿ ಪ್ರಾಜೆಕ್ಟ್ ಈಟ್ ಎಂಬ ಅಧ್ಯಯನ ಹದಿಹರೆಯದವರನ್ನು ಹದಿನೈದು ವರ್ಷ ಹಿಂಬಾಲಿಸಿತು. ತೂಕದ ವಿಷಯಕ್ಕೆ ರೇಗಿಸಿಕೊಂಡವರಲ್ಲಿ ದೊಡ್ಡವರಾದ ಮೇಲೆ ಬೊಜ್ಜು ಹೆಚ್ಚೇ ಕಂಡಿತು. ಹೆಣ್ಣುಮಕ್ಕಳಲ್ಲಿ ಮನೆಯವರ ಮಾತಿನ ಗುರುತೂ ಉಳಿದಿತ್ತು. ನಾಚಿಕೆಯಿಂದ ಊಟ ಬಿಟ್ಟವರು ಆಮೇಲೆ ಹಸಿವು ತಡೆಯಲಾರದೆ, ಯಾರಿಗೂ ಕಾಣದಂತೆ ಒಮ್ಮೆಗೇ ತಿನ್ನುವುದು ಇಂಥ ಕಡೆ ಕಾಣುವ ರೀತಿ.

ಅತ್ತೆಯೋ ದೊಡ್ಡಮ್ಮನೋ ಇಂಥ ಮಾತು ತೆಗೆದಾಗ ತಾಯಿ ಅಲ್ಲೇ, ಮಗುವಿನ ಎದುರೇ, "ಅಕ್ಕಾ, ಅವಳ ಮೈ ವಿಷಯ ಬೇಡ, ಓದಿನ ಬಗ್ಗೆ ಕೇಳಿ" ಎನ್ನಬೇಕು. ಆಮೇಲೆ ಕೋಣೆಯಲ್ಲಿ ಸಮಾಧಾನ ಮಾಡಿದರೆ ಸಾಲದು, ಅಮ್ಮನೂ ಒಪ್ಪಿದಳು ಎಂದೇ ಮಗು ತಿಳಿದಿರುತ್ತದೆ. ಊಟ ತಪ್ಪಿಸುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗುವುದು, ನಗುವಾಗ ಯಾವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯುವುದು, ನೆಂಟರ ಮನೆಗೆ ಬರಲ್ಲ ಎಂದು ಹಟ ಹಿಡಿಯುವುದು ವಾರಗಟ್ಟಲೆ ನಡೆದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.