ಹುಟ್ಟಿದಾಗ ಕೇಳುತ್ತಿದ್ದ ಕಿವಿ

ಕೆಜಿಎಫ್‌ನ ಗಣಿ ಕುಟುಂಬಗಳಲ್ಲಿ ಮಗುವಿನ ಕಿವಿ ಮಂದವಾದರೆ ಕಾರಣಕ್ಕೆ ಬರವಿಲ್ಲ. ತಾತ ಚಾಂಪಿಯನ್ ರೀಫ್‌ನಲ್ಲಿ ಡ್ರಿಲ್ಲಿಂಗ್ ಕೆಲಸದಲ್ಲಿದ್ದರು, ಅವರಿಗೂ ಕೇಳುತ್ತಿರಲಿಲ್ಲ, ಅದೇ ಮೊಮ್ಮಗನಿಗೆ ಬಂದಿದೆ ಎನ್ನುತ್ತಾರೆ ಒಬ್ಬರು. ಸೋದರಮಾವನಿಗೇ ಕೊಟ್ಟಿದ್ದೀರಲ್ಲ, ಇನ್ನೇನಾಗುತ್ತೆ ಎನ್ನುತ್ತಾರೆ ಇನ್ನೊಬ್ಬರು. ಮೊದಲನೆಯದು ತಪ್ಪು. ಯಂತ್ರದ ಸದ್ದು ಕೆಡಿಸುವುದು ಆ ಸದ್ದಿನಲ್ಲಿ ದುಡಿದವನ ಕಿವಿಯನ್ನು, ಅದು ವಂಶಕ್ಕೆ ಇಳಿಯುವುದಿಲ್ಲ. ಇಂದಿನ ಮಗು ಆ ಸದ್ದನ್ನು ಕೇಳಿಯೂ ಇಲ್ಲ, ಗಣಿ ಮುಚ್ಚಿದ್ದೇ 2001ರಲ್ಲಿ. ಎರಡನೆಯದರಲ್ಲಿ ಹುರುಳಿದೆ, ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು. ಆದರೆ ಹಾಗೆ ಬರುವ ಕಿವುಡು ಸಾಮಾನ್ಯವಾಗಿ ಹುಟ್ಟಿದಾಗಿನ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಹುಟ್ಟಿದಾಗ ಚೆನ್ನಾಗಿ ಕೇಳುತ್ತಿದ್ದು ಮೂರು-ನಾಲ್ಕು ವರ್ಷಕ್ಕೆ ಮಂದವಾದ ಕಿವಿಯ ಹಿಂದೆ ಬೇರೆಯೇ ಕಾರಣವಿರಬಹುದು. ಅದರ ಹೆಸರನ್ನು ಮನೆಯವರು ಕೇಳಿಯೇ ಇರುವುದಿಲ್ಲ.

ಅದು ಸೈಟೊಮೆಗಾಲೊ ವೈರಸ್, ಚಿಕ್ಕದಾಗಿ ಸಿಎಂವಿ. ಸಿಡುಬಿನಂತಹ ಗುಳ್ಳೆಗಳ ಚಿಕನ್‌ಪಾಕ್ಸ್ ತರುವ ಹರ್ಪಿಸ್ ಬಳಗದ್ದೇ ವೈರಸ್. ಜೊಲ್ಲು, ಮೂತ್ರ, ಎದೆಹಾಲು, ರಕ್ತದ ಮೂಲಕ ಹರಡುತ್ತದೆ. ಒಮ್ಮೆ ಒಳಹೊಕ್ಕರೆ ಸಾಯುವತನಕ ದೇಹದಲ್ಲೇ ಮಲಗಿರುತ್ತದೆ, ಆಗೀಗ ಎದ್ದು ಕೂರುತ್ತದೆ. ಆರೋಗ್ಯವಂತರಿಗೆ ಇದರಿಂದ ನೆಗಡಿಯಷ್ಟೂ ತೊಂದರೆಯಾಗದಿರಬಹುದು. ತೊಂದರೆ ಇರುವುದು ಬಸುರಿಯಿಂದ ಗರ್ಭದ ಶಿಶುವಿಗೆ ದಾಟಿದಾಗ. ನಮ್ಮಂತಹ ದೇಶಗಳಲ್ಲಿ ಹುಟ್ಟುವ ನೂರು ಮಕ್ಕಳಲ್ಲಿ ಒಂದೆರಡು ಮಕ್ಕಳು ಈ ಸೋಂಕನ್ನು ಹೊತ್ತೇ ಬರುತ್ತವೆ ಎಂಬ ಅಂದಾಜಿದೆ. ಅಂತಹ ಹತ್ತರಲ್ಲಿ ಒಂಬತ್ತು ಮಕ್ಕಳು ಗುಂಡಗೆ, ಕೆಂಪಗೆ, ಯಾವ ಲಕ್ಷಣವೂ ಇಲ್ಲದೆ ಹುಟ್ಟುತ್ತವೆ. ಈ 'ಆರೋಗ್ಯವಂತ' ಮಕ್ಕಳಲ್ಲೇ ಸುಮಾರು ನೂರಕ್ಕೆ ಹತ್ತರಷ್ಟು ಮುಂದೆ ಒಂದು ಕಿವಿಯನ್ನೋ ಎರಡನ್ನೋ ಕಳೆದುಕೊಳ್ಳುತ್ತವೆ.

ಬಂಗಾರಪೇಟೆಯ ಒಂದು ಮಗುವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಹುಟ್ಟಿದ ಎರಡನೇ ದಿನ ಅದರ ಕಿವಿಗೆ ಓಎಇ ಪರೀಕ್ಷೆ ಆಗಿದೆ, ತಾಯಿ ಕಾರ್ಡಿನಲ್ಲಿ 'ಪಾಸ್' ಎಂದು ಬರೆದಿದ್ದಾರೆ. ಎರಡು ವರ್ಷಕ್ಕೆ ಮಾತು ಚೆನ್ನಾಗಿ ಬಂದಿದೆ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಅಂಗನವಾಡಿ ಟೀಚರ್ ಒಂದು ಸಂಗತಿ ಗಮನಿಸುತ್ತಾರೆ: ಎಡಗಡೆಯಿಂದ ಕರೆದರೆ ಹುಡುಗಿ ತಿರುಗುವುದು ಬಲಕ್ಕೆ. ಮನೆಯಲ್ಲಿ ಅಜ್ಜಿಯ ಫೋನ್ ಬಂದರೆ ಅದು ಯಾವಾಗಲೂ ಬಲಗಿವಿಗೇ ಹೋಗುತ್ತದೆ. ಕಿವಿ ಸೋರಿಲ್ಲ, ಮೇಣ ಕಟ್ಟಿಲ್ಲ, ಪೆಟ್ಟು ಬಿದ್ದಿಲ್ಲ. ಈಗ ಬೇರಾ ಪರೀಕ್ಷೆ ಮಾಡಿಸಿದರೆ ಎಡಗಿವಿಯ ನರಮಟ್ಟದ ಶ್ರವಣದೋಷ ಗೊತ್ತಾಗುತ್ತದೆ. ಅಪ್ಪನಿಗೆ ಸಿಟ್ಟು: ಹಾಗಾದರೆ ಅವತ್ತು ಪಾಸ್ ಅಂತ ಬರೆದವರು ಸರಿಯಾಗಿ ನೋಡಲಿಲ್ಲವೇ?

ನೋಡಿದ್ದರು. ಅವತ್ತು ಆ ಕಿವಿ ನಿಜಕ್ಕೂ ಕೇಳುತ್ತಿತ್ತು. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಒಳಗಿವಿಯಲ್ಲಿ ಸದ್ದನ್ನು ನರದ ಸಂದೇಶವಾಗಿಸುವುದು ರೋಮಕೋಶಗಳು. ಓಎಇ ಯಂತ್ರ ಹಿಡಿಯುವುದು ಅವುಗಳ ಪೈಕಿ ಹೊರಸಾಲಿನ ಕೋಶಗಳು ಮರಳಿಸುವ ಸಣ್ಣ ಪ್ರತಿಧ್ವನಿಯನ್ನು. ಆದರೆ ಈ ಕೋಶಗಳು ತಮ್ಮಷ್ಟಕ್ಕೆ ದುಡಿಯಲಾರವು. ಅವುಗಳ ಮೇಲಿನ ದ್ರವದಲ್ಲಿ ಪೊಟ್ಯಾಸಿಯಂ ತುಂಬಿ, ಸುಮಾರು 80 ಮಿಲಿವೋಲ್ಟ್ ವಿದ್ಯುತ್ತನ್ನು ಸದಾ ಕಾಯ್ದುಕೊಳ್ಳುವ ಒಂದು ಪಟ್ಟಿ ಒಳಗಿವಿಯ ಗೋಡೆಯಲ್ಲಿದೆ, ಸ್ಟ್ರಿಯಾ ವಾಸ್ಕುಲಾರಿಸ್ ಅಂತ. ಕಿವಿಯ ಬ್ಯಾಟರಿ ಅನ್ನಿ. (ನನಗಂತೂ ಇಡೀ ದೇಹದಲ್ಲಿ ಇದರಷ್ಟು ಸೋಜಿಗದ ಅಂಗಾಂಶ ಇನ್ನೊಂದಿಲ್ಲ.) ಸೋಂಕಿತ ಭ್ರೂಣಗಳ ಒಳಗಿವಿಯನ್ನು ಪರೀಕ್ಷಿಸಿದವರಿಗೆ ವೈರಸ್ ಹೆಚ್ಚಾಗಿ ಕಂಡದ್ದು ಈ ಪಟ್ಟಿಯಲ್ಲೇ. ಅಲ್ಲಿ ಉರಿಯೂತ ನಿಧಾನವಾಗಿ ಸಾಗಿದರೆ ವಿದ್ಯುತ್ತು ಇಳಿಯುತ್ತದೆ, ಆಮೇಲೆ ರೋಮಕೋಶಗಳೂ ಸೊರಗುತ್ತವೆ. ತಡವಾಗಿ ಬರುವ ಕಿವುಡಿಗೆ ಈಗ ಹೆಚ್ಚು ಒಪ್ಪಿತವಾದ ವಿವರಣೆ ಇದು. ಕೆಲವು ಮಕ್ಕಳಲ್ಲಿ ಶ್ರವಣ ಒಂದಷ್ಟು ಕಾಲ ಏರಿಳಿಯುವುದು, ಒಂದು ಕಿವಿ ಹೋಗಿ ವರ್ಷಗಳಾದ ಮೇಲೆ ಇನ್ನೊಂದು ಹೋಗುವುದು, ಇವಕ್ಕೂ ಇದು ಹೊಂದುತ್ತದೆ.

ಈಗ ಅಪ್ಪ ಕೋಲಾರದ ಲ್ಯಾಬ್‌ಗೆ ಹೋಗಿ ತಾಯಿ-ಮಗು ಇಬ್ಬರಿಗೂ ಟಾರ್ಚ್ ಪರೀಕ್ಷೆ ಮಾಡಿಸುತ್ತಾರೆ. ಸಿಎಂವಿ ಐಜಿಜಿ ಪಾಸಿಟಿವ್! ಕಾರಣ ಸಿಕ್ಕಿತೆಂದು ಸಮಾಧಾನ, ಜೊತೆಗೆ ಹೆಂಡತಿಯ ಮೇಲೊಂದು ಅನುಮಾನ. ಎರಡಕ್ಕೂ ಆಧಾರವಿಲ್ಲ. ಐಜಿಜಿ ಹೇಳುವುದು ಈ ದೇಹ ಎಂದೋ ಒಮ್ಮೆ ಈ ವೈರಸ್ಸನ್ನು ಕಂಡಿದೆ ಎಂಬುದನ್ನಷ್ಟೇ. ನಮ್ಮ ದೇಶದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹೆಂಗಸರು ಮದುವೆಗೆ ಮೊದಲೇ, ಹೆಚ್ಚಿನವರು ಬಾಲ್ಯದಲ್ಲೇ ಅದನ್ನು ಕಂಡಿರುತ್ತಾರೆ. ಮಗುವೂ ಹುಟ್ಟಿದ ಮೇಲೆ ಎದೆಹಾಲಿನಿಂದಲೋ ಅಣ್ಣನ ಎಂಜಲಿನಿಂದಲೋ ಪಡೆದಿರಬಹುದು, ಹಾಗೆ ಬಂದ ಸೋಂಕು ಕಿವಿಯನ್ನು ಕೆಡಿಸುವುದಿಲ್ಲ. ಹಾಗಾದರೆ ಮೊದಲೇ ಸೋಂಕಾದ ತಾಯಿಯ ಮಗು ಸುರಕ್ಷಿತವೇ? ಅದೂ ಅಲ್ಲ. ಮಲಗಿದ್ದ ವೈರಸ್ ಬಸುರಿನಲ್ಲಿ ಎದ್ದರೆ, ಅಥವಾ ಅದರ ಇನ್ನೊಂದು ತಳಿ ಹೊಸದಾಗಿ ತಗುಲಿದರೆ ಶಿಶುವಿಗೆ ದಾಟಬಹುದು. ಒಬ್ಬೊಬ್ಬ ತಾಯಿಯ ಮಟ್ಟಿಗೆ ಈ ಸಾಧ್ಯತೆ ತೀರಾ ಕಡಿಮೆ. ಆದರೆ ಅಂತಹ ತಾಯಂದಿರೇ ನಮ್ಮಲ್ಲಿ ಬಹುಪಾಲು, ಆದ್ದರಿಂದ ಸೋಂಕಿತ ಶಿಶುಗಳೂ ಹೆಚ್ಚಾಗಿ ಅವರ ಮಡಿಲಲ್ಲೇ ಹುಟ್ಟುತ್ತವೆ.

ಖಚಿತ ಉತ್ತರ ಸಿಗುವ ಕಾಲ ಒಂದೇ ಇತ್ತು: ಹುಟ್ಟಿದ ಮೊದಲ 21 ದಿನ. ಅಷ್ಟರೊಳಗೆ ಮಗುವಿನ ಮೂತ್ರದಲ್ಲೋ ಜೊಲ್ಲಿನಲ್ಲೋ ಪಿಸಿಆರ್ ಪರೀಕ್ಷೆಯಿಂದ ವೈರಸ್ ಕಂಡರೆ ಅದು ಗರ್ಭದಲ್ಲೇ ಬಂದದ್ದು. ಜೊಲ್ಲು ತೆಗೆಯುವುದಾದರೆ ಹಾಲು ಕುಡಿಸಿ ಒಂದು ಗಂಟೆಯಾದರೂ ಕಳೆದಿರಬೇಕು, ಇಲ್ಲದಿದ್ದರೆ ಎದೆಹಾಲಿನ ವೈರಸ್ಸೇ ಪಾಸಿಟಿವ್ ತೋರಿಸೀತು. ಜೊಲ್ಲಿನಲ್ಲಿ ಕಂಡದ್ದನ್ನು ಮೂತ್ರದಲ್ಲಿ ಮತ್ತೆ ಖಚಿತಪಡಿಸಿಕೊಳ್ಳುವುದೂ ಇದಕ್ಕೇ. ನಾಲ್ಕು ವರ್ಷವಾದ ಮೇಲೆ ಉಳಿಯುವ ದಾರಿ ಒಂದೇ. ಹುಟ್ಟಿದಾಗ ಹಿಮ್ಮಡಿ ಚುಚ್ಚಿ ಒಣಗಿಸಿದ ರಕ್ತದ ಕಾರ್ಡ್ ಎಲ್ಲಾದರೂ ಇದ್ದರೆ ಅದರಲ್ಲಿ ವೈರಸ್ ಹುಡುಕಬಹುದು. ಅಲ್ಲಿ ಸಿಗದಿದ್ದರೂ ಇರಲಿಲ್ಲ ಎನ್ನಲಾಗದು, ಆ ಹನಿಯಲ್ಲಿ ವೈರಸ್ ಅತ್ಯಲ್ಪ. ನಮ್ಮ ಬಂಗಾರಪೇಟೆಯ ಹುಡುಗಿಗೆ ಅಂತಹ ಕಾರ್ಡ್ ಇಲ್ಲ, ಹಾಗಾಗಿ ಅವಳ ಕಡತದಲ್ಲಿ 'ಇರಬಹುದು' ಎಂದಷ್ಟೇ ಬರೆಯಲು ಸಾಧ್ಯ.

ಮೊದಲೇ ಗೊತ್ತಾಗಿದ್ದರೆ ಏನಾಗುತ್ತಿತ್ತು? ಹುಟ್ಟಿನಲ್ಲೇ ಲಕ್ಷಣವಿರುವ ಶಿಶುಗಳಿಗೆ ಮೊದಲ ತಿಂಗಳಲ್ಲಿ ಶುರುಮಾಡಿ ಆರು ತಿಂಗಳು ವಾಲ್‌ಗ್ಯಾನ್‌ಸಿಕ್ಲೋವಿರ್ ಕೊಡುವುದುಂಟು. ಅದರಿಂದ ಶ್ರವಣಕ್ಕೆ ಆಗುವ ಲಾಭ ಸಾಧಾರಣದ್ದು, ಬಿಳಿರಕ್ತಕಣ ಇಳಿಯುವ ಅಪಾಯವಿರುವುದರಿಂದ ಪದೇಪದೇ ರಕ್ತ ನೋಡುತ್ತಿರಬೇಕು. ಲಕ್ಷಣವಿಲ್ಲದ ಮಕ್ಕಳಿಗೆ ಅದನ್ನು ಸುಮ್ಮನೆ ಕೊಡುವುದಿಲ್ಲ. ಅವರಿಗೆ ಸಿಗುತ್ತಿದ್ದ ದೊಡ್ಡ ಲಾಭ ಔಷಧದ್ದಲ್ಲ, ಕಾವಲಿನದು. ಸೋಂಕು ಖಚಿತವಾದ ಮಗುವಿನ ಶ್ರವಣವನ್ನು ಮೊದಲ ಮೂರು ತಿಂಗಳೊಳಗೆ, ಆಮೇಲೆ ಮೂರು ವರ್ಷದ ತನಕ ಆರು ತಿಂಗಳಿಗೊಮ್ಮೆ, ಮುಂದೆ ಶಾಲೆಯ ವಯಸ್ಸಿನವರೆಗೆ ವರ್ಷಕ್ಕೊಮ್ಮೆ ನೋಡುವುದು ರೂಢಿ. ನಮ್ಮ ಹುಡುಗಿಯ ಎಡಗಿವಿ ಇಳಿಯತೊಡಗಿದಾಗಲೇ ಶ್ರವಣಯಂತ್ರ ಹಾಕಿ, ಬಲಗಿವಿಯ ಮೇಲೂ ಕಣ್ಣಿಡಬಹುದಿತ್ತು.

ಕೋಲಾರ ಜಿಲ್ಲೆಯಲ್ಲಿ ತಡವಾಗಿ ಕಿವಿ ಕಳೆದುಕೊಂಡ ಮಕ್ಕಳಲ್ಲಿ ಎಷ್ಟರ ಹಿಂದೆ ಸಿಎಂವಿ ಇದೆ ಎಂಬುದನ್ನು ಲೆಕ್ಕಹಾಕಲು ದುಬಾರಿ ಯಂತ್ರ ಬೇಕಿಲ್ಲ. ಹೆರಿಗೆ ವಾರ್ಡಿನಿಂದ ಹೊರಡುವ ಮುನ್ನ ಪ್ರತಿ ಶಿಶುವಿನ ಒಂದು ರಕ್ತದ ಕಾರ್ಡನ್ನು ಒಣಗಿಸಿ ಜೋಪಾನವಾಗಿಟ್ಟರೆ ನಾಲ್ಕೈದು ವರ್ಷದಲ್ಲಿ ಉತ್ತರದ ಹಾದಿ ಸಿಗುತ್ತದೆ. ಎಂ.ಡಿ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ಕಿರಿಯ ವೈದ್ಯರು ಯಾರಾದರೂ ಕೈಹಾಕಲಿ. ಅಲ್ಲಿಯವರೆಗೆ ತಾಯಂದಿರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ, ಅಂಗನವಾಡಿ ಟೀಚರ್‌ಗಳಲ್ಲಿ ಒಂದು ಮನವಿ: ಕಾರ್ಡಿನಲ್ಲಿ 'ಪಾಸ್' ಎಂದಿದ್ದರೂ, ಮಗು ಒಂದೇ ಕಡೆಗೆ ತಿರುಗುತ್ತಿದೆ, ಬಂದ ಮಾತು ಹಿಂದೆ ಸರಿಯುತ್ತಿದೆ ಅನ್ನಿಸಿದ ದಿನವೇ ಮತ್ತೊಮ್ಮೆ ಕಿವಿ ಪರೀಕ್ಷೆ ಮಾಡಿಸಿ.