ಎದೆಯೊಳಗೆ ಸೋರಿದ ಗಾಳಿ: ಕಾಯುವುದೋ, ಸೂಜಿಯೋ, ಕೊಳವೆಯೋ?

ಒಂದೇ ಬೆಳಿಗ್ಗೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಇಬ್ಬರು ಬಂದರು ಎಂದಿಟ್ಟುಕೊಳ್ಳಿ. ಮೊದಲನೆಯವನು 22ರ ಹುಡುಗ. ಎತ್ತರದ ಸಣಕಲು ಮೈ, ಕಾಲೇಜು ಸೇರಿದಾಗಿನಿಂದ ಸಿಗರೇಟಿನ ಅಭ್ಯಾಸ. ಹಾಸ್ಟೆಲಿನಲ್ಲಿ ಸುಮ್ಮನೆ ಕೂತಿದ್ದಾಗ ಬಲ ಎದೆಯಲ್ಲಿ ಚಳಕ್ ಎಂದಿತು, ಉಸಿರೆಳೆದರೆ ನೋವು. ಆದರೂ ನಡೆದುಕೊಂಡೇ ಬಂದಿದ್ದಾನೆ, ಸಲೀಸಾಗಿ ಮಾತಾಡುತ್ತಾನೆ. ನಾಡಿ 88, ರಕ್ತದ ಆಮ್ಲಜನಕ ಶೇ 97. ಎರಡನೆಯವರು 64ರ ಹಿರಿಯರು. ದಶಕಗಳ ಕಾಲ ಬೀಡಿ ಸೇದಿ ಶ್ವಾಸಕೋಶ ಸವೆದಿದೆ, ದಿನವೂ ಇನ್‌ಹೇಲರ್ ಬೇಕು. ಬೆಳಗಿನ ಕೆಮ್ಮಿನ ನಡುವೆ ಇದ್ದಕ್ಕಿದ್ದಂತೆ ದಮ್ಮು ಹತ್ತಿತು. ಒಂದು ವಾಕ್ಯ ಪೂರ್ತಿ ಆಡಲಾರರು. ನಾಡಿ 124, ಆಮ್ಲಜನಕ ಶೇ 82.

ಇಬ್ಬರ ಎಕ್ಸ್-ರೇಯಲ್ಲೂ ಕಾಣುವುದು ಒಂದೇ. ಬಲ ಶ್ವಾಸಕೋಶ ಪಕ್ಕೆಲುಬಿನ ಗೋಡೆ ಬಿಟ್ಟು ಒಳಕ್ಕೆ ಸರಿದಿದೆ. ಅದರ ಅಂಚು ತೆಳ್ಳನೆಯ ಬಿಳಿ ಗೆರೆಯಾಗಿ ಕಾಣುತ್ತದೆ, ಗೆರೆಯಾಚೆ ರಕ್ತನಾಳದ ಗುರುತೇ ಇಲ್ಲದ ಕಪ್ಪು. ಆ ಕಪ್ಪಿನ ಅಗಲ ಇಬ್ಬರಲ್ಲೂ 2.5 ಸೆಂಟಿಮೀಟರ್. ಹೀಗಿದ್ದರೂ ಹುಡುಗನನ್ನು ಕೆಲವು ಗಂಟೆ ಕೂರಿಸಿ ನೋಡಿ ಮನೆಗೆ ಕಳಿಸಬಹುದು; ಹಿರಿಯರ ಎದೆಗೆ ಮಾತ್ರ ತಡಮಾಡದೆ ಕೊಳವೆ ಹಾಕಬೇಕು. ಈ ವ್ಯತ್ಯಾಸ ಅರ್ಥವಾದರೆ ನ್ಯೂಮೋಥೊರಾಕ್ಸ್ ಎಂಬ ಕಾಯಿಲೆ ಮುಕ್ಕಾಲು ಪಾಲು ಅರ್ಥವಾದಂತೆ.

ಗಾಳಿ ಎಲ್ಲಿಂದ ಬಂತು?

ಶ್ವಾಸಕೋಶವನ್ನು ಒಂದು ಪೊರೆ ಸುತ್ತಿದೆ, ಎದೆಗೂಡಿನ ಒಳಗೋಡೆಗೆ ಇನ್ನೊಂದು ಪೊರೆ ಅಂಟಿದೆ. ಇವೆರಡಕ್ಕೂ ಪ್ಲೂರಾ ಎಂದೇ ಹೆಸರು. ನಡುವೆ ಇರುವುದು ಒಂದಿಷ್ಟು ಜಾರು ದ್ರವ ಮಾತ್ರ. ಅಲ್ಲಿನ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ತುಸು ಕಡಿಮೆ. ಆ ಸೆಳೆತವೇ ಶ್ವಾಸಕೋಶವನ್ನು ಗೋಡೆಗೆ ಎಳೆದು ಅರಳಿಸಿ ಇಟ್ಟಿರುತ್ತದೆ. ಎರಡು ಪೊರೆಗಳಲ್ಲಿ ಯಾವುದು ಹರಿದರೂ ಗಾಳಿ ನುಗ್ಗುತ್ತದೆ, ಸೆಳೆತ ಹೋಗುತ್ತದೆ, ಶ್ವಾಸಕೋಶ ತನ್ನ ಗುಣಕ್ಕೆ ತಕ್ಕಂತೆ ಕುಗ್ಗುತ್ತದೆ.

ಹರಿಯಲು ಕಾರಣವೇನು ಎಂಬುದರ ಮೇಲೆ ಇದನ್ನು ವಿಂಗಡಿಸುತ್ತಾರೆ. ಹುಡುಗನದು ಪ್ರಾಥಮಿಕ ಬಗೆ. ಗೊತ್ತಿರುವ ಕಾಯಿಲೆ ಯಾವುದೂ ಇಲ್ಲ. ಶ್ವಾಸಕೋಶದ ತುದಿಯಲ್ಲಿದ್ದ ಸಣ್ಣ ಗಾಳಿಗುಳ್ಳೆಯೊಂದು ಒಡೆದಿರುವ ಸಂಭವ ಹೆಚ್ಚು. ಎತ್ತರದ, ತೆಳ್ಳಗಿನ ಯುವಕರಲ್ಲಿ ಇದು ಜಾಸ್ತಿ, ಸೇದುವವರಲ್ಲಂತೂ ಹಲವು ಪಟ್ಟು. ಹಿರಿಯರದು ದ್ವಿತೀಯಕ ಬಗೆ, ಅಂದರೆ ಮೊದಲೇ ರೋಗ ತಗುಲಿದ ಶ್ವಾಸಕೋಶದಲ್ಲಿ ಆದ ಸೋರಿಕೆ. ಧೂಮಪಾನದಿಂದ ಸವೆದ ಶ್ವಾಸಕೋಶ ಮತ್ತು ಕ್ಷಯ ನಮ್ಮಲ್ಲಿ ಇದರ ಮುಖ್ಯ ಕಾರಣಗಳು. ಅಪಘಾತದಲ್ಲಿ ಪಕ್ಕೆಲುಬು ಮುರಿದು ಚುಚ್ಚಿದಾಗ, ಇರಿತವಾದಾಗ ಆಗುವುದು ಮೂರನೆಯ ಬಗೆ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವಾಗಲೋ ಶ್ವಾಸಕೋಶದ ಬಯಾಪ್ಸಿ ಮಾಡುವಾಗಲೋ ಸೂಜಿ ತಾಗಿ ಆಗುವುದೂ ಇದೇ ಸಾಲಿಗೆ ಸೇರುತ್ತದೆ.

ಈ ವಿಂಗಡಣೆ ಚಿಕಿತ್ಸೆಯನ್ನೇ ಬದಲಿಸುತ್ತದೆ. ಹುಡುಗನಿಗೆ ಬಲಭಾಗ ಕುಗ್ಗಿದರೂ ಎಡ ಶ್ವಾಸಕೋಶ ಗಟ್ಟಿಯಾಗಿದೆ. ಹಿರಿಯರಿಗೆ ಹಾಗೆ ಕೈಹಿಡಿಯುವ ಬಲವೇ ಉಳಿದಿಲ್ಲ.

ಕಾದು ನೋಡುವುದು

ಕಪ್ಪಿನ ಅಗಲ 2 ಸೆಂ.ಮೀ. ದಾಟಿದರೆ ಗಾಳಿ ತೆಗೆಯಬೇಕು ಎಂಬ ಲೆಕ್ಕ ಬಹುಕಾಲ ನಡೆಯಿತು. ಆದರೆ ಸೋರಿಕೆ ನಿಂತಿದ್ದರೆ ದೇಹ ಆ ಗಾಳಿಯನ್ನು ತಾನೇ ಹೀರಿಕೊಳ್ಳುತ್ತದೆ: ದಿನಕ್ಕೆ ಆ ಬದಿಯ ಎದೆಯ ಶೇ 1ರಿಂದ 2ರಷ್ಟು. ನಿಧಾನ ನಿಜ, ಆದರೆ ನಡೆದೇ ನಡೆಯುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ವೈದ್ಯರು 316 ಮಂದಿ ಪ್ರಾಥಮಿಕ ರೋಗಿಗಳ ಮೇಲೆ ಅಧ್ಯಯನ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರದೂ ಸಾಕಷ್ಟು ದೊಡ್ಡ ನ್ಯೂಮೋಥೊರಾಕ್ಸೇ. ಕಾದು ನೋಡಿದ ಗುಂಪಿನಲ್ಲಿ ಶೇ 85ರಷ್ಟು ಮಂದಿಗೆ ಏನನ್ನೂ ಚುಚ್ಚಬೇಕಾಗಲಿಲ್ಲ. ವರ್ಷದೊಳಗೆ ಮರುಕಳಿಸಿದ್ದು ಕೊಳವೆ ಹಾಕಿದವರಲ್ಲಿ ಸುಮಾರು ಶೇ 17, ಕಾದವರಲ್ಲಿ ಸುಮಾರು ಶೇ 9. ಬ್ರಿಟನ್ನಿನ ಎದೆರೋಗ ತಜ್ಞರ ಸಂಘವೂ 2023ರ ಮಾರ್ಗಸೂಚಿಯಲ್ಲಿ ಅಳತೆಗಿಂತ ರೋಗಿಯ ತೊಂದರೆಗೆ ಹೆಚ್ಚು ಬೆಲೆ ಕೊಟ್ಟಿತು.

ಹಾಗಾಗಿ ನಮ್ಮ ಹುಡುಗನಿಗೆ ನೋವಿನ ಮಾತ್ರೆ ಕೊಟ್ಟು ಕೂರಿಸುತ್ತಾರೆ. ನಾಲ್ಕು ಗಂಟೆಯ ಬಳಿಕ ಮತ್ತೊಂದು ಎಕ್ಸ್-ರೇ. ಗಾಳಿ ಹೆಚ್ಚಿಲ್ಲ, ಆಮ್ಲಜನಕ ಇಳಿದಿಲ್ಲ, ಆರಾಮವಾಗಿ ನಡೆದಾಡುತ್ತಾನೆ ಎಂದಾದರೆ ಮನೆಗೆ ಹೋಗಬಹುದು. ಅದಕ್ಕೂ ಷರತ್ತುಗಳಿವೆ: ಜೊತೆಯಲ್ಲಿ ಒಬ್ಬರಿರಬೇಕು, ಏದುಸಿರು ಬಂದರೆ ಬೇಗ ಆಸ್ಪತ್ರೆ ತಲುಪುವಂತಿರಬೇಕು, ಕೆಲವೇ ದಿನಗಳಲ್ಲಿ ಮತ್ತೆ ತೋರಿಸಬೇಕು. ಆಸ್ಪತ್ರೆಗೆ ಎರಡು ಗಂಟೆ ದಾರಿಯ ಊರಿನವನಾದರೆ ಒಳರೋಗಿಯಾಗಿ ಇಟ್ಟುಕೊಳ್ಳುವುದೇ ಸರಿ.

ಸೂಜಿಯಿಂದ ಎಳೆಯುವುದು

ಇದೇ ಹುಡುಗ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಿಡುತ್ತಿದ್ದರೆ ಗಾಳಿ ತೆಗೆಯಲೇಬೇಕಾಗುತ್ತಿತ್ತು. ಆಗ ಒಂದು ದಾರಿ ಸೂಜಿಯದು. ಕಾಲರ್ ಮೂಳೆಯ ನಡುಭಾಗದ ನೇರಕ್ಕೆ ಎರಡನೇ ಪಕ್ಕೆಲುಬಿನ ಕೆಳಗೆ, ಇಲ್ಲವೇ ಕಂಕುಳಿನ ಕೆಳಗೆ ಮರಗಟ್ಟಿಸುವ ಮದ್ದು ಕೊಟ್ಟು ತೆಳ್ಳನೆಯ ಕ್ಯಾನುಲಾ ಇಳಿಸುತ್ತಾರೆ. ಪಕ್ಕೆಲುಬಿನ ಕೆಳ ಅಂಚಿನಲ್ಲಿ ರಕ್ತನಾಳ ಮತ್ತು ನರ ಹಾದುಹೋಗುವುದರಿಂದ ಯಾವಾಗಲೂ ಕೆಳಗಿನ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡೇ ಒಳಹೋಗಬೇಕು. 50 ಮಿಲಿಲೀಟರಿನ ಸಿರಿಂಜ್‌ನಲ್ಲಿ ಗಾಳಿಯನ್ನು ಮತ್ತೆ ಮತ್ತೆ ಎಳೆದು ಹೊರಬಿಡುತ್ತಾರೆ, ಎಳೆದದ್ದನ್ನು ಲೆಕ್ಕ ಇಡುತ್ತಾರೆ.

ಒಂದೂವರೆ ಲೀಟರ್ ಹೊತ್ತಿಗೆ ಸಿರಿಂಜ್ ಬಿಗಿಯಾಗಿ, ಹುಡುಗನಿಗೆ ಕೆಮ್ಮು ಬಂದರೆ ಅದು ಒಳ್ಳೆಯ ಸೂಚನೆ. ಶ್ವಾಸಕೋಶ ಅರಳಿ ಗೋಡೆ ಮುಟ್ಟುತ್ತಿದೆ ಎಂದರ್ಥ. ಎರಡೂವರೆ ಲೀಟರ್ ಎಳೆದರೂ ಗಾಳಿ ಬರುತ್ತಲೇ ಇದ್ದರೆ ರಂಧ್ರ ಮುಚ್ಚಿಲ್ಲ. ಅಲ್ಲಿಗೆ ನಿಲ್ಲಿಸಿ ಕೊಳವೆಯತ್ತ ತಿರುಗಬೇಕು. ಸೂಜಿಯನ್ನೇ ಮತ್ತೆ ಮತ್ತೆ ಚುಚ್ಚುವುದರಿಂದ ಲಾಭವಿಲ್ಲ.

ಕೊಳವೆ ಮತ್ತು ಬಾಟಲಿ

ಹಿರಿಯರ ವಿಷಯದಲ್ಲಿ ಈ ಮೆಟ್ಟಿಲುಗಳಿಗೆ ಸಮಯವಿಲ್ಲ. ರೋಗಪೀಡಿತ ಶ್ವಾಸಕೋಶದ ಸೋರಿಕೆ ಬೇಗ ಮುಚ್ಚುವುದೂ ಅಪರೂಪ. ಮೊದಲು ಆಮ್ಲಜನಕ ಕೊಡುತ್ತಾರೆ. ಇಂಥ ಶ್ವಾಸಕೋಶಕ್ಕೆ ಅತಿಯಾದ ಆಮ್ಲಜನಕವೂ ಅಪಾಯವಾದ್ದರಿಂದ ಶೇ 88ರಿಂದ 92ರ ಗುರಿ ಸಾಕು. ಕೊಳವೆ ಹಾಕುವ ಮುನ್ನ ಹಳೆಯ ಎಕ್ಸ್-ರೇ ಇದ್ದರೆ ನೋಡುವುದು ಜಾಣತನ. ಸವೆದ ಶ್ವಾಸಕೋಶದಲ್ಲಿ ದೊಡ್ಡ ಗಾಳಿಗುಳ್ಳೆಗಳಿರುತ್ತವೆ, ಅವೂ ಎಕ್ಸ್-ರೇಯಲ್ಲಿ ಕಪ್ಪಗೇ ಕಾಣುತ್ತವೆ. ಗುಳ್ಳೆಯನ್ನೇ ನ್ಯೂಮೋಥೊರಾಕ್ಸ್ ಎಂದು ತಿಳಿದು ಚುಚ್ಚಿದರೆ ಇಲ್ಲದ ಸೋರಿಕೆಯನ್ನು ನಾವೇ ಮಾಡಿದಂತೆ. ಅನುಮಾನವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ.

ಕೊಳವೆ ಇಳಿಯುವುದು ಕಂಕುಳಿನ ಕೆಳಗೆ, ಎದೆಯ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳ ನಡುವಿನ ತ್ರಿಕೋನದಲ್ಲಿ, ಮೊಲೆತೊಟ್ಟಿನ ಮಟ್ಟಕ್ಕಿಂತ ಮೇಲೆ. ಅದರ ಇನ್ನೊಂದು ತುದಿ ಹಾಸಿಗೆಯ ಪಕ್ಕದ ಬಾಟಲಿಯಲ್ಲಿ, ನೀರಿನೊಳಗೆ ಎರಡು ಸೆಂಟಿಮೀಟರ್ ಮುಳುಗಿರುತ್ತದೆ. ಎದೆಯ ಗಾಳಿ ಗುಳುಗುಳು ಹೊರಬರಬಹುದು, ಹೊರಗಿನ ಗಾಳಿ ಒಳಹೋಗಲಾರದು. ರೋಗಿಯ ಕಡೆಯವರು ನೋಡಿ ತಿಳಿಯಬಹುದಾದದ್ದು ಇಲ್ಲಿ ಎರಡಿವೆ. ಗುಳ್ಳೆ ಬರುತ್ತಿದ್ದರೆ ಸೋರಿಕೆ ಇನ್ನೂ ಇದೆ. ಉಸಿರಿನ ಜೊತೆ ಕೊಳವೆಯೊಳಗಿನ ನೀರು ಏರಿಳಿಯುತ್ತಿದ್ದರೆ ಕೊಳವೆ ಕಟ್ಟಿಕೊಂಡಿಲ್ಲ. ಗುಳ್ಳೆ ನಿಂತು, ಎಕ್ಸ್-ರೇಯಲ್ಲಿ ಶ್ವಾಸಕೋಶ ಅರಳಿದ್ದು ಖಚಿತವಾದ ಮೇಲೆ ಕೊಳವೆ ತೆಗೆಯುತ್ತಾರೆ. ಮೂರರಿಂದ ಐದು ದಿನವಾದರೂ ಗುಳ್ಳೆ ನಿಲ್ಲದಿದ್ದರೆ ಶಸ್ತ್ರಚಿಕಿತ್ಸಕರ ಸಲಹೆ ಬೇಕು.

ತಪ್ಪುಗಳು ಹೆಚ್ಚಾಗಿ ಆಗುವುದು ರೋಗಿಯನ್ನು ಸ್ಕ್ಯಾನಿಗೋ ಶೌಚಕ್ಕೋ ಕರೆದೊಯ್ಯುವಾಗ. ಬಾಟಲಿಯನ್ನು ಎದೆಗಿಂತ ಮೇಲೆತ್ತಿದರೆ ನೀರು ಎದೆಯೊಳಕ್ಕೆ ಹರಿಯಬಹುದು. ಗುಳ್ಳೆ ಬರುತ್ತಿರುವ ಕೊಳವೆಗೆ ಕ್ಲ್ಯಾಂಪ್ ಹಾಕಿ ಮುಚ್ಚಿದರೆ ಇನ್ನೂ ದೊಡ್ಡ ಗಂಡಾಂತರ. ಅದೇ ಟೆನ್ಷನ್ ನ್ಯೂಮೋಥೊರಾಕ್ಸ್.

ಒತ್ತಡ ಏರಿದಾಗ

ಕೆಲವೊಮ್ಮೆ ಹರಿದ ಪೊರೆ ಸೈಕಲ್ ಟ್ಯೂಬಿನ ವಾಲ್ವಿನಂತೆ ವರ್ತಿಸುತ್ತದೆ: ಉಸಿರೆಳೆದಾಗ ಗಾಳಿ ಒಳಬರುತ್ತದೆ, ಬಿಟ್ಟಾಗ ದಾರಿ ಮುಚ್ಚಿಕೊಳ್ಳುತ್ತದೆ. ಪ್ರತಿ ಉಸಿರಿಗೂ ಒತ್ತಡ ಏರುತ್ತದೆ. ಆ ಬದಿಯ ಶ್ವಾಸಕೋಶ ಮುದುಡಿದ ಮೇಲೆ ಗಾಳಿ ಹೃದಯವನ್ನೂ ಇನ್ನೊಂದು ಶ್ವಾಸಕೋಶವನ್ನೂ ಆಚೆಗೆ ತಳ್ಳುತ್ತದೆ. ಹೃದಯಕ್ಕೆ ಮರಳುವ ರಕ್ತಕ್ಕೆ ತಡೆ ಬೀಳುತ್ತದೆ. ರಕ್ತ ಬಾರದಿದ್ದರೆ ಹೃದಯ ಹೊರಹಾಕುವುದಾದರೂ ಏನನ್ನು? ರಕ್ತದೊತ್ತಡ ಕುಸಿಯುತ್ತದೆ.

ಪ್ರಾಥಮಿಕ ಬಗೆಯಲ್ಲಿ ಇದು ಅಪರೂಪ. ಅಪಘಾತಕ್ಕೊಳಗಾದವರಲ್ಲಿ, ವೆಂಟಿಲೇಟರ್ ಮೇಲಿರುವವರಲ್ಲಿ, ಕೊಳವೆ ಕಟ್ಟಿಕೊಂಡವರಲ್ಲಿ ಹೆಚ್ಚು. ಗುರುತುಗಳು ಹೀಗಿವೆ: ಕ್ಷಣಕ್ಷಣಕ್ಕೂ ಹೆಚ್ಚುವ ಉಸಿರಾಟದ ಕಷ್ಟ, ಬೆವರು, ಚಡಪಡಿಕೆ, ಓಡುವ ನಾಡಿ, ಇಳಿಯುವ ಆಮ್ಲಜನಕ. ಆ ಬದಿಯ ಎದೆ ಉಬ್ಬಿ ನಿಂತಿರುತ್ತದೆ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಸ್ಟೆತಾಸ್ಕೋಪಿಗೆ ಉಸಿರು ಕೇಳದು. ಕುತ್ತಿಗೆಯ ರಕ್ತನಾಳ ಉಬ್ಬುವುದು, ಗಂಟಲ ನಡುವಿನ ಶ್ವಾಸನಾಳ ಎದುರು ಬದಿಗೆ ಸರಿಯುವುದು ಪಠ್ಯಪುಸ್ತಕದ ಪ್ರಸಿದ್ಧ ಚಿಹ್ನೆಗಳು. ಆದರೆ ಶ್ವಾಸನಾಳ ಸರಿಯುವುದು ತಡವಾಗಿ; ರಕ್ತ ಬಹಳ ಹೋದವರಲ್ಲಿ ಕುತ್ತಿಗೆಯ ನಾಳ ಉಬ್ಬದೆಯೂ ಇರಬಹುದು. ತಾವಾಗಿ ಉಸಿರಾಡುವವರಲ್ಲಿ ರಕ್ತದೊತ್ತಡ ಕುಸಿಯುವುದು ಕೊನೆಯ ಹಂತದಲ್ಲಿ, ವೆಂಟಿಲೇಟರ್ ಮೇಲಿರುವವರಲ್ಲಿ ಥಟ್ಟನೆ. ಎಲ್ಲ ಚಿಹ್ನೆಗಳೂ ಕೂಡಿಬರಲಿ ಎಂದು ಕಾಯುವವರು ರೋಗಿಯನ್ನು ಕಳೆದುಕೊಳ್ಳುತ್ತಾರೆ.

ಇಂಥ ರೋಗಿಯನ್ನು ಎಕ್ಸ್-ರೇ ಕೋಣೆಗೆ ಕಳಿಸಬಾರದು. ದಪ್ಪ ಸೂಜಿಯನ್ನು ಆ ಕ್ಷಣವೇ ಇಳಿಸಿ ಒತ್ತಡ ಬಿಡಬೇಕು. ಎದೆಯ ಮುಂಭಾಗದಲ್ಲಿ ಸ್ನಾಯು ಮತ್ತು ಕೊಬ್ಬು ದಪ್ಪಗಿದ್ದರೆ ಸೂಜಿ ಒಳಗಿನ ಗಾಳಿಯನ್ನು ಮುಟ್ಟುವುದೇ ಇಲ್ಲ. ಇದೇ ಕಾರಣಕ್ಕೆ ಅಪಘಾತ ಚಿಕಿತ್ಸೆಯ ಎಟಿಎಲ್‌ಎಸ್ ತರಬೇತಿ 2018ರ ಆವೃತ್ತಿಯಿಂದ, ದೊಡ್ಡವರಲ್ಲಿ ಕಂಕುಳಿನ ಕೆಳಗೆ ನಾಲ್ಕು ಅಥವಾ ಐದನೇ ಪಕ್ಕೆಲುಬಿನ ಸಂದನ್ನು ಸೂಚಿಸುತ್ತದೆ. ಸೂಜಿ ಬೇಗ ಮಡಚಿಕೊಳ್ಳಬಹುದು, ಕಟ್ಟಿಕೊಳ್ಳಬಹುದು. ಅದು ಕೆಲವು ನಿಮಿಷಗಳ ಉಪಾಯ ಮಾತ್ರ. ಬೆನ್ನಿಗೇ ಕೊಳವೆ ಬರಬೇಕು.

ಓದುಗರಿಗೆ ಕೆಲವು ಮಾತು

ಎದೆಯ ಒಂದೇ ಬದಿಯಲ್ಲಿ ಥಟ್ಟನೆ ನೋವು ಬಂದು ಉಸಿರು ಸಾಲದಂತಾದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ, ಅದೇ ದಿನ ಎಕ್ಸ್-ರೇ ಮಾಡಿಸಿ. ಇರಿತದ ಗಾಯದಿಂದ ಗಾಳಿ ಸದ್ದು ಮಾಡುತ್ತಿದ್ದರೆ ಅದನ್ನು ಗಾಳಿಯಾಡದಂತೆ ಬಿಗಿದು ಮುಚ್ಚಬೇಡಿ, ನೆಟ್ಟ ಚೂರಿಯನ್ನು ಕೀಳಬೇಡಿ, 108ಕ್ಕೆ ಕರೆಮಾಡಿ. ಒಮ್ಮೆ ನ್ಯೂಮೋಥೊರಾಕ್ಸ್ ಆದವರು, ಅದು ಪೂರ್ತಿ ವಾಸಿಯಾಗಿದೆ ಎಂದು ಎಕ್ಸ್-ರೇ ಹೇಳಿ ಒಂದು ವಾರ ಕಳೆಯುವವರೆಗೆ ವಿಮಾನ ಹತ್ತಬಾರದು. ಎರಡೂ ಬದಿಗೆ ಶಸ್ತ್ರಚಿಕಿತ್ಸೆ ಆಗದ ಹೊರತು ಸ್ಕೂಬಾ ಡೈವಿಂಗ್ ಆಸೆಯನ್ನು ಬಿಟ್ಟೇಬಿಡಬೇಕು. ಮತ್ತೆ ಬಾರದಂತೆ ತಡೆಯಲು ರೋಗಿಯ ಕೈಯಲ್ಲೇ ಇರುವ ಉಪಾಯ ಒಂದೇ: ಬೀಡಿ, ಸಿಗರೇಟು, ಗಾಂಜಾ ಮೂರನ್ನೂ ನಿಲ್ಲಿಸುವುದು.